ಪರದೆಯ ಹಿಂದೆ ಏನು ಮಾಡುತ್ತಾರೆ? ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಬಗ್ಗೆ ಹೆಂಗಸರಿಗೆ ಹೇಳಿಕೊಡುವ ಬಗೆ

ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ ಕ್ಯಾನ್ಸರ್ ತಪಾಸಣೆ ಬಗ್ಗೆ ಮಾತಾಡಿ ಅಂತ ನಿಮ್ಮನ್ನು ಕರೆದಿದ್ದಾರೆ ಅಂದುಕೊಳ್ಳೋಣ. ನೀವು ಆಶಾ ಕಾರ್ಯಕರ್ತೆ ಇರಬಹುದು, ನರ್ಸ್ ಇರಬಹುದು, ಊರಿನ ಟೀಚರ್ ಇರಬಹುದು. ನಾನು ನರ್ಸ್ ಆಗಿ ಇಂಥ ಸಭೆಗಳಲ್ಲಿ ವರ್ಷಗಟ್ಟಲೆ ಮಾತಾಡಿದ್ದೇನೆ. ಮೊದಮೊದಲು ನನ್ನ ಮಾತೆಲ್ಲ ರೋಗದ ಮೇಲೆಯೇ ಇರುತ್ತಿತ್ತು. ಎಲ್ಲರೂ ತಲೆಯಾಡಿಸುತ್ತಿದ್ದರು, ತಪಾಸಣೆಯ ದಿನ ನಾಲ್ಕು ಜನ ಬರುತ್ತಿದ್ದರು.

ಒಂದು ದಿನ ಸಭೆ ಮುಗಿದ ಮೇಲೆ ವಯಸ್ಸಾದ ಒಬ್ಬ ತಾಯಿ ಹತ್ತಿರ ಬಂದು ಕೇಳಿದರು: "ಎಲ್ಲಾ ಸರಿ ಸಿಸ್ಟರ್, ಆ ಪರದೆ ಹಿಂದೆ ಕರ್ಕೊಂಡೋಗಿ ಏನ್ ಮಾಡ್ತೀರಿ?" ಅವರಿಗೆ ಭಯ ಇದ್ದದ್ದು ಕ್ಯಾನ್ಸರ್ ಬಗ್ಗೆ ಅಲ್ಲ. ಯಾರ ಮುಂದೆ ಎಷ್ಟು ಬಟ್ಟೆ ತೆಗೆಯಬೇಕು, ಒಳಗೆ ಏನು ಹಾಕುತ್ತಾರೆ, ನೋವಾಗುತ್ತಾ ಅನ್ನುವುದರ ಬಗ್ಗೆ. ಅವತ್ತಿಂದ ನಾನು ರೋಗದ ಮಾತನ್ನು ಕಡಿಮೆ ಮಾಡಿ, ಪರೀಕ್ಷೆಯನ್ನು ಮೊದಲಿಂದ ಕೊನೆಯವರೆಗೆ ಹೇಳುವುದಕ್ಕೆ ಶುರುಮಾಡಿದೆ. ಅದೇ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ಸಭೆಗೆ ಮುಂಚೆ

ಇಪ್ಪತ್ತು-ಇಪ್ಪತ್ತೈದು ಜನ ಸಾಕು. ಅದಕ್ಕಿಂತ ಜಾಸ್ತಿಯಾದರೆ ಯಾರೂ ಬಾಯಿಬಿಡುವುದಿಲ್ಲ. ಅಂಗನವಾಡಿ ಕೋಣೆ ಒಳ್ಳೆಯ ಜಾಗ, ಬಾಗಿಲು ಹಾಕಿಕೊಳ್ಳಬಹುದು. ಗಂಡಸರು ಯಾರೂ ಒಳಗೆ ಇರಬಾರದು, ಮೈಕ್ ಸರಿಮಾಡುವವರೂ ಕೂಡ.

ಕೈಯಲ್ಲಿ ಎರಡು ವಸ್ತು ಇರಲಿ. ಒಂದು, ಸ್ಪೆಕ್ಯುಲಮ್. ಗರ್ಭಕೋಶದ ಬಾಯಿ ನೋಡಲು ಬಳಸುವ, ಬಾತುಕೋಳಿಯ ಕೊಕ್ಕಿನಂತಿರುವ ಈ ಸಾಧನವನ್ನು ಪಿಎಚ್‌ಸಿಯಿಂದ ಕೇಳಿ ತನ್ನಿ. ಇನ್ನೊಂದನ್ನು ಮನೆಯಲ್ಲೇ ಮಾಡಿಕೊಳ್ಳಿ. ಅಂಗೈಯಗಲದ ತೆಳು ಬಟ್ಟೆಚೀಲ ಹೊಲಿದು, ಅದರಲ್ಲಿ ಸಾಸಿವೆ ತುಂಬಿ, ನಡುವೆ ಎಲ್ಲೋ ಒಂದು ಹುಣಸೆ ಬೀಜ ಸೇರಿಸಿ ಬಾಯಿ ಹೊಲಿಯಿರಿ. ಬೀಜ ಎಲ್ಲಿದೆ ಅಂತ ನಿಮಗೂ ನೆನಪಿಲ್ಲದಂತೆ ಒಮ್ಮೆ ಚೆನ್ನಾಗಿ ಅಲುಗಾಡಿಸಿ.

ಇನ್ನೊಂದು ಕೆಲಸವನ್ನು ಮರೆಯಲೇಬೇಡಿ. ನಿಮ್ಮ ಪಿಎಚ್‌ಸಿಯಲ್ಲಿ ಯಾವ ದಿನ, ಯಾರು, ಯಾವ ಪರೀಕ್ಷೆ ಮಾಡುತ್ತಾರೆ, ಮುಂದಿನ ಪರೀಕ್ಷೆ ಬೇಕಾದರೆ ಯಾವ ಆಸ್ಪತ್ರೆಗೆ ಕಳಿಸುತ್ತಾರೆ ಅಂತ ಕೇಳಿ ಬರೆದುಕೊಂಡು ಹೋಗಿ. "ಎಲ್ಲಾದರೂ ತೋರಿಸಿಕೊಳ್ಳಿ" ಅಂದರೆ ಯಾರೂ ಎಲ್ಲಿಗೂ ಹೋಗುವುದಿಲ್ಲ.

ಮೊದಲು ಹೇಳಬೇಕಾದದ್ದು: ಇದು ಯಾರಿಗೆ?

ತಪಾಸಣೆ ಇರುವುದು ಏನೂ ತೊಂದರೆ ಇಲ್ಲದವರಿಗೆ. ಇದನ್ನು ಎರಡು ಸಲ ಹೇಳಿ. "ನಂಗೇನೂ ಆಗಿಲ್ಲ, ಯಾಕೆ ತೋರಿಸಬೇಕು" ಅನ್ನುವವರೇ ನಮಗೆ ಬೇಕಾದವರು. ಸರ್ಕಾರದ ಕಾರ್ಯಕ್ರಮದಲ್ಲಿ 30ರಿಂದ 65 ವರ್ಷದ ಹೆಂಗಸರಿಗೆ ಸ್ತನ ಮತ್ತು ಗರ್ಭಕಂಠ, ಅಂದರೆ ಗರ್ಭಕೋಶದ ಬಾಯಿ, ಎರಡರ ತಪಾಸಣೆಯೂ 5 ವರ್ಷಕ್ಕೊಮ್ಮೆ ಇದೆ.

ಈಗಾಗಲೇ ತೊಂದರೆ ಇರುವವರ ದಾರಿ ಬೇರೆ. ಮುಟ್ಟು ನಿಂತು ವರ್ಷವಾದ ಮೇಲೆ ಮತ್ತೆ ರಕ್ತ ಕಂಡವರು, ಗಂಡನ ಜೊತೆ ಸೇರಿದ ಮೇಲೆ ರಕ್ತ ಕಾಣುವವರು, ಕೆಟ್ಟ ವಾಸನೆಯ ಬಿಳಿ ಸೆರಗು ನಿಲ್ಲದೆ ಹೋಗುತ್ತಿರುವವರು, ಎದೆಯಲ್ಲಿ ಹೊಸ ಗಂಟು ಸಿಕ್ಕವರು ತಪಾಸಣೆಯ ದಿನಕ್ಕೆ ಕಾಯಬಾರದು. ಅವರು ನೇರ ಡಾಕ್ಟರ ಹತ್ತಿರ ಹೋಗಬೇಕು. ಅಂಥವರಿಗೆ ತಪಾಸಣೆಯಲ್ಲಿ "ನೆಗೆಟಿವ್" ಬಂದರೂ ವಿಷಯ ಅಲ್ಲಿಗೆ ಮುಗಿಯುವುದಿಲ್ಲ.

ಸಾಸಿವೆ ಚೀಲ: ಸ್ತನದ ಪರೀಕ್ಷೆ

ಚೀಲವನ್ನು ಕೈಯಿಂದ ಕೈಗೆ ದಾಟಿಸಿ, ಬೀಜ ಹುಡುಕಲು ಹೇಳಿ. ಬಹುತೇಕ ಎಲ್ಲರೂ ಬೆರಳ ತುದಿಯಲ್ಲಿ ಚಿವುಟಿ ನೋಡುತ್ತಾರೆ. ಚಿವುಟಿದರೆ ಸಾಸಿವೆಯೇ ಒತ್ತರಿಸಿ ಗಂಟಾಗುತ್ತದೆ. ಎಲ್ಲಿ ಹಿಡಿದರೂ ಬೀಜ ಸಿಕ್ಕಿದ ಹಾಗೆಯೇ. ಮನೆಯಲ್ಲಿ ತಾವೇ ಚಿವುಟಿ ನೋಡಿಕೊಂಡು ಹೆದರಿ ಓಡಿಬರುವವರಿಗೆ ಆಗುವುದೂ ಇದೇ.

ಈಗ ನೀವು ತೋರಿಸಿ. ನಡುವಿನ ಮೂರು ಬೆರಳು ಜೋಡಿಸಿ, ತುದಿಯಲ್ಲ, ಬೆರಳಿನ ಮೆತ್ತನೆ ಭಾಗವನ್ನು ಚಪ್ಪಟೆಯಾಗಿ ಇಡಿ. ಹತ್ತು ಪೈಸೆ ನಾಣ್ಯದಷ್ಟು ಸಣ್ಣ ಸುತ್ತು ಸುತ್ತಿಸಿ. ಒಂದೇ ಜಾಗದಲ್ಲಿ ಮೊದಲು ಹಗುರಾಗಿ, ಆಮೇಲೆ ಸ್ವಲ್ಪ ಒತ್ತಿ, ಕೊನೆಗೆ ಆಳಕ್ಕೆ ಒತ್ತಿ. ಮೇಲಿನ ಗಂಟು ಹಗುರ ಒತ್ತಿಗೆ ಸಿಗುತ್ತದೆ, ಪಕ್ಕೆಲುಬಿನ ಹತ್ತಿರದ್ದು ಆಳದ ಒತ್ತಿಗೆ ಮಾತ್ರ ಸಿಗುತ್ತದೆ. ಹೊಲ ಉಳುವ ಹಾಗೆ ಮೇಲಿಂದ ಕೆಳಗೆ, ಕೆಳಗಿಂದ ಮೇಲೆ, ಸಾಲು ಬಿಡದೆ ಹೋಗಬೇಕು. ಹೀಗೆ ಮಾಡಿದಾಗ ಚೀಲದ ಬೀಜ ಬೆರಳ ಕೆಳಗೆ ತಟ್ಟನೆ ಸಿಗುತ್ತದೆ. ಸಿಕ್ಕವರ ಮುಖ ನೋಡಬೇಕು ನೀವು. ಹತ್ತು ನಿಮಿಷದ ಭಾಷಣ ಆ ಒಂದು ಕ್ಷಣಕ್ಕೆ ಸಮನಲ್ಲ.

ಈಗ "ಪಿಎಚ್‌ಸಿಯಲ್ಲಿ ಸಿಸ್ಟರ್ ಮಾಡುವುದೂ ಇದನ್ನೇ" ಅಂತ ಹೇಳಿ. ರವಿಕೆ, ಬ್ರಾ ತೆಗೆಯಬೇಕು, ಸೀರೆ ಬಿಚ್ಚಬೇಕಿಲ್ಲ, ಸೆರಗನ್ನು ಹೊದ್ದುಕೊಳ್ಳಬಹುದು. ಮೊದಲು ಕೂರಿಸಿ ಕಣ್ಣಲ್ಲೇ ನೋಡುತ್ತಾರೆ: ಕೈ ಕೆಳಗೆ ಬಿಟ್ಟು, ಮೇಲಕ್ಕೆ ಎತ್ತಿಸಿ, ಸೊಂಟದ ಮೇಲೆ ಒತ್ತಿಸಿ. ಚರ್ಮ ಎಲ್ಲಾದರೂ ಗುಳಿ ಬಿದ್ದಿದೆಯಾ, ಕಿತ್ತಳೆ ಸಿಪ್ಪೆಯಂತೆ ದಪ್ಪಗಾಗಿದೆಯಾ, ಮೊದಲು ಸರಿಯಿದ್ದ ತೊಟ್ಟು ಒಳಕ್ಕೆ ಎಳೆದಿದೆಯಾ ಅಂತ ನೋಡುತ್ತಾರೆ. ಆಮೇಲೆ ಮಲಗಿಸಿ, ಒಂದು ಕೈ ತಲೆಯ ಕೆಳಗೆ ಇಡಿಸಿ, ಕತ್ತಿನ ಮೂಳೆಯಿಂದ ಎದೆಯ ಕೆಳಗಿನ ಮಡಿಕೆಯವರೆಗೆ, ಕಂಕುಳೂ ಸೇರಿ ಮುಟ್ಟಿ ನೋಡುತ್ತಾರೆ. ಕಂಕುಳನ್ನು ಬಿಟ್ಟರೆ ಪರೀಕ್ಷೆ ಅರ್ಧವೇ. ಎರಡೂ ಕಡೆ ಸೇರಿ ಹತ್ತು ನಿಮಿಷದ ಒಳಗೆ ಮುಗಿಯುತ್ತದೆ. ಅರ್ಧ ನಿಮಿಷದಲ್ಲಿ ರವಿಕೆಯ ಮೇಲಿಂದಲೇ ನೋಡಿ ಕಳಿಸಿದರೆ ಅದು ಪರೀಕ್ಷೆ ಅಲ್ಲ ಅಂತ ಅವರಿಗೆ ಗೊತ್ತಿರಲಿ. ಮುಟ್ಟು ಶುರುವಾಗಿ ಒಂದು ವಾರದ ಹೊತ್ತಿಗೆ ಬಂದರೆ ಒಳ್ಳೆಯದು, ಆಗ ಎದೆಯ ಬಿಗಿತ, ನೋವು ಕಡಿಮೆ ಇರುತ್ತದೆ.

ಇದರಿಂದ ಉಪಯೋಗ ಇದೆಯಾ ಅಂತ ಓದಿದ ಹೆಣ್ಣುಮಕ್ಕಳು ಕೇಳುತ್ತಾರೆ, ಕೇಳಲಿ. ಮುಂಬೈಯಲ್ಲಿ ಟಾಟಾ ಆಸ್ಪತ್ರೆಯವರು ಒಂದೂವರೆ ಲಕ್ಷ ಹೆಂಗಸರನ್ನು 20 ವರ್ಷ ಗಮನಿಸಿ 2021ರಲ್ಲಿ ಫಲಿತಾಂಶ ಪ್ರಕಟಿಸಿದರು. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಲ್ಲಿ ಮುಟ್ಟಿ ನೋಡಿದ ಗುಂಪಿನಲ್ಲಿ, 50 ದಾಟಿದವರ ಸ್ತನ ಕ್ಯಾನ್ಸರ್ ಸಾವು ಸುಮಾರು ಶೇ. 30ರಷ್ಟು ಕಡಿಮೆಯಾಗಿತ್ತು. ಚಿಕ್ಕ ವಯಸ್ಸಿನವರಲ್ಲಿ ಸಾವಿನ ಲೆಕ್ಕದಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಇದನ್ನೂ ಮುಚ್ಚಿಡದೆ ಹೇಳಿ. ಹಾಗೆಯೇ, ಮನೆಯಲ್ಲಿ ಕನ್ನಡಿ ಮುಂದೆ ತಾವೇ ನೋಡಿಕೊಳ್ಳುವುದರಿಂದ ತಮ್ಮ ಎದೆ ಹೇಗಿರುತ್ತದೆ ಅನ್ನುವುದು ಗೊತ್ತಾಗುತ್ತದೆ, ಬದಲಾವಣೆ ಆದರೆ ಬೇಗ ತಿಳಿಯುತ್ತದೆ. ಆದರೆ ಅದು ಸಿಸ್ಟರ್ ಮಾಡುವ ಪರೀಕ್ಷೆಗೆ ಬದಲಿ ಅಲ್ಲ.

ಮ್ಯಾಮೊಗ್ರಾಂ

ಇದನ್ನು ಊರಿನ ಪಿಎಚ್‌ಸಿಯಲ್ಲಿ ಮಾಡುವುದಿಲ್ಲ. ಗಂಟು ಸಿಕ್ಕವರಿಗೆ ದೊಡ್ಡ ಆಸ್ಪತ್ರೆಯಲ್ಲಿ ಮಾಡುತ್ತಾರೆ. 50 ದಾಟಿದ ಕೆಲವರು ತಾವಾಗಿಯೇ ಮಾಡಿಸುತ್ತಾರೆ. ಇದು ಎದೆಯ ಎಕ್ಸ್‌ರೇ. ನಿಂತುಕೊಂಡಿರುವಾಗ ಒಂದು ಸ್ತನವನ್ನು ಎರಡು ಹಲಗೆಗಳ ನಡುವೆ ಇಟ್ಟು ಅದುಮುತ್ತಾರೆ. ಒಮ್ಮೆ ಮೇಲಿಂದ, ಒಮ್ಮೆ ಓರೆಯಾಗಿ, ಎರಡೂ ಕಡೆ ಸೇರಿ ನಾಲ್ಕು ಚಿತ್ರ. ಅದುಮಿದಾಗ ನೋವಾಗುತ್ತದೆ, ಅದನ್ನು ಇಲ್ಲ ಅನ್ನಬೇಡಿ. ಆದರೆ ಪ್ರತಿ ಸಲ ಕೆಲವು ಸೆಕೆಂಡ್ ಅಷ್ಟೇ. ಚಪ್ಪಟೆ ಆದಷ್ಟೂ ಚಿತ್ರ ಸ್ಪಷ್ಟ, ಕಿರಣವೂ ಕಡಿಮೆ ಸಾಕು.

ಅವತ್ತು ಪೌಡರ್, ಸೆಂಟ್ ಹಾಕಬಾರದು. ಕಂಕುಳ ಪೌಡರಿನ ಕಣ ಚಿತ್ರದಲ್ಲಿ ಬಿಳಿ ಚುಕ್ಕಿಯಾಗಿ ಬಿದ್ದು ರೋಗದ ಗುರುತಿನ ಹಾಗೆ ಕಾಣಬಹುದು. ಇನ್ನೊಂದು ಮಾತನ್ನು ಯಾರೂ ಮೊದಲೇ ಹೇಳುವುದಿಲ್ಲ: ಕತ್ತಿನ ಸರ ತೆಗೆಯಬೇಕಾಗುತ್ತದೆ. ಎಕ್ಸ್‌ರೇ ಕೋಣೆಯಲ್ಲಿ "ತಾಳಿ ತೆಗೀರಿ" ಅಂದಾಗ ಅಳುತ್ತಾ ಹೊರಗೆ ಬಂದವರನ್ನು ನೋಡಿದ್ದೇನೆ. ಮೊದಲೇ ಹೇಳಿದರೆ ಅರಿಶಿನ ದಾರ ಕಟ್ಟಿಕೊಂಡು, ಸರವನ್ನು ಮನೆಯಲ್ಲಿಟ್ಟು ಬರುತ್ತಾರೆ. ದಾರವನ್ನು ಬೆನ್ನಿನ ಕಡೆ ಸರಿಸಿದರೆ ಆಯಿತು.

ಚಿಕ್ಕ ವಯಸ್ಸಿನವರ ಎದೆ ಒಳಗೆ ಗಟ್ಟಿಯಾಗಿರುತ್ತದೆ, ಎಕ್ಸ್‌ರೇಯಲ್ಲಿ ಎಲ್ಲಾ ಬೆಳ್ಳಗೆ ಕಂಡು ಗಂಟು ಮರೆಯಾಗಬಹುದು. ಅದಕ್ಕೇ ಅವರಿಗೆ ಸಾಮಾನ್ಯವಾಗಿ ಮೊದಲು ಸ್ಕ್ಯಾನಿಂಗ್ ಮಾಡುತ್ತಾರೆ. ಮ್ಯಾಮೊಗ್ರಾಂ ರಿಪೋರ್ಟಿನಲ್ಲಿ ಫಲಿತಾಂಶವನ್ನು ಬೈರ್ಯಾಡ್ಸ್ ಅನ್ನುವ ಅಂಕದಲ್ಲಿ ಬರೆಯುತ್ತಾರೆ. "ಬೈರ್ಯಾಡ್ಸ್ 0" ಅಂತ ಬಂದರೆ ಏನೂ ಇಲ್ಲ ಅಂತ ಅರ್ಥವಲ್ಲ. ಈ ಚಿತ್ರದಿಂದ ತೀರ್ಮಾನ ಆಗಲಿಲ್ಲ, ಇನ್ನೊಂದು ಪರೀಕ್ಷೆ ಬೇಕು ಅಂತ. ಸೊನ್ನೆ ನೋಡಿ ಸಂತೋಷಪಟ್ಟು ಕಾಗದ ಎತ್ತಿಟ್ಟವರಿದ್ದಾರೆ.

ಗಂಟಿಗೆ ಸೂಜಿ ಹಾಕಿದರೆ ಕ್ಯಾನ್ಸರ್ ಹರಡುತ್ತದೆ ಅನ್ನುವ ಮಾತು ಪ್ರತಿ ಸಭೆಯಲ್ಲೂ ಬರುತ್ತದೆ. ಹಾಗೆ ಹರಡುತ್ತದೆ ಅಂತ ಹೆದರಬೇಕಿಲ್ಲ. ಬಹುಪಾಲು ಗಂಟುಗಳು ಕ್ಯಾನ್ಸರ್ ಅಲ್ಲ. ಆದರೆ ಯಾವುದು ಹೌದು, ಯಾವುದು ಅಲ್ಲ ಅಂತ ಖಚಿತವಾಗಿ ಹೇಳಲು ಸೂಜಿ ಪರೀಕ್ಷೆ ಬೇಕು.

ಮುಷ್ಟಿ ತೋರಿಸಿ: ಗರ್ಭಕೋಶದ ಬಾಯಿ

ಇಲ್ಲಿ ಮಾತು ನಿಧಾನವಾಗಲಿ. ಎಡಗೈ ಮುಷ್ಟಿ ಹಿಡಿದು, ಹೆಬ್ಬೆರಳು ತೋರುಬೆರಳ ನಡುವೆ ಆಗುವ ಸಣ್ಣ ಕುಳಿಯನ್ನು ತೋರಿಸಿ. "ಗರ್ಭಕೋಶದ ಬಾಯಿ ನೋಡಕ್ಕೆ ಹೆಚ್ಚುಕಡಿಮೆ ಹಿಂಗೇ ಇರುತ್ತೆ. ಹೆರಿಗೇಲಿ ಮಗು ಇದೇ ಬಾಯಿಂದ ಬರೋದು. ಕ್ಯಾನ್ಸರ್ ಶುರುವಾಗೋದು ಈ ಕುಳಿ ಸುತ್ತಲಿನ ಅಂಚಿನಲ್ಲಿ." ಇಷ್ಟು ಸಾಕು.

ಕಾರಣವನ್ನೂ ನೇರವಾಗಿ ಹೇಳಿ. ಎಚ್‌ಪಿವಿ ಅನ್ನುವ ವೈರಸ್ಸಿನಿಂದ ಇದು ಬರುತ್ತದೆ, ಅದು ದೈಹಿಕ ಸಂಪರ್ಕದಿಂದ ದಾಟುತ್ತದೆ. ಮದುವೆಯಾದ ಹೆಂಗಸರಲ್ಲಿ ತುಂಬಾ ಜನಕ್ಕೆ ಯಾವಾಗಲಾದರೂ ಬಂದು, ಒಂದೆರಡು ವರ್ಷದಲ್ಲಿ ತಾನಾಗಿಯೇ ಹೋಗಿರುತ್ತದೆ. ಹೋಗದೆ ಉಳಿದ ಕೆಲವರಲ್ಲಿ ಮಾತ್ರ ಅಂಚಿನ ಜೀವಕೋಶ ಕೆಡುತ್ತಾ, 10-20 ವರ್ಷದಲ್ಲಿ ಕ್ಯಾನ್ಸರ್ ಆಗಬಹುದು. 30 ವರ್ಷಕ್ಕಿಂತ ಮುಂಚೆ ಸಾಮಾನ್ಯವಾಗಿ ಈ ತಪಾಸಣೆ ಮಾಡದಿರುವುದಕ್ಕೂ, 30ರ ನಂತರ ಮಾಡುವುದಕ್ಕೂ ಇದೇ ಕಾರಣ. ಆ ಹತ್ತು ಇಪ್ಪತ್ತು ವರ್ಷದ ಅವಧಿಯಲ್ಲಿ ಕೆಟ್ಟ ಜಾಗವನ್ನು ಹಿಡಿದು ತೆಗೆದುಬಿಟ್ಟರೆ ಕ್ಯಾನ್ಸರ್ ಬರುವುದನ್ನು ಬಹುಮಟ್ಟಿಗೆ ತಡೆಯಬಹುದು.

ಸ್ಪೆಕ್ಯುಲಮ್ ಈಗ ಹೊರಗೆ ಬರಲಿ. ಎಲ್ಲರೂ ಕೈಯಲ್ಲಿ ಹಿಡಿದು, ತೆರೆದು, ಮುಚ್ಚಿ ನೋಡಲಿ. ಮುಚ್ಚಿದಾಗ ಎಷ್ಟು ತೆಳ್ಳಗಿದೆ ಅಂತ ತೋರಿಸಿ, ಹಾಕುವುದು ಮುಚ್ಚಿಯೇ. ಪರೀಕ್ಷೆ ಮಾಡಿಸಿಕೊಳ್ಳುವವರು ಮೂತ್ರಕ್ಕೆ ಹೋಗಿ ಬಂದು, ಒಳಉಡುಪು ಮಾತ್ರ ತೆಗೆದು, ಸೀರೆಯನ್ನು ಮಂಡಿಯ ಮೇಲಕ್ಕೆ ಸರಿಸಿ ಮಲಗಬೇಕು. ಮೇಲೆ ಬಟ್ಟೆ ಹೊದಿಸುತ್ತಾರೆ. ಕಾಲು ಮಡಿಸಿ ಅಗಲಿಸಬೇಕು. ಸ್ಪೆಕ್ಯುಲಮ್ ಒಳಗೆ ಹೋದಾಗ ತಣ್ಣಗೆ, ಒತ್ತಿದ ಹಾಗೆ ಅನಿಸುತ್ತದೆ. ಸೊಂಟವನ್ನು ಬಿಗಿಹಿಡಿದರೆ ನೋವು ಜಾಸ್ತಿ. ಬಾಯಿಂದ ನಿಧಾನವಾಗಿ ಉಸಿರು ಬಿಟ್ಟರೆ ಸಡಿಲ ಆಗುತ್ತದೆ. ತುಂಬಾ ನೋವಾದರೆ "ನಿಲ್ಲಿಸಿ" ಅನ್ನಬಹುದು, ನಿಲ್ಲಿಸಲೇಬೇಕು.

ಇಷ್ಟರವರೆಗೆ ಸಾಮಾನ್ಯವಾಗಿ ಎಲ್ಲಾ ಪರೀಕ್ಷೆಗೂ ಒಂದೇ ದಾರಿ. ಮುಂದೆ ಮೂರು ಬಗೆ.

ನಮ್ಮ ಪಿಎಚ್‌ಸಿಗಳಲ್ಲಿ ಮಾಡುವುದು ವಿಐಎ. ಹತ್ತಿಯಲ್ಲಿ ಶೇ. 3ರಿಂದ 5ರಷ್ಟು ಅಸಿಟಿಕ್ ಆಮ್ಲ ಅದ್ದಿ ಗರ್ಭಕೋಶದ ಬಾಯಿಗೆ ಹಚ್ಚುತ್ತಾರೆ. ಗೋಬಿ ಮಂಚೂರಿಗೆ ಹಾಕುವ ವಿನೆಗರ್ ಇದೆಯಲ್ಲ, ಅದೇ ಜಾತಿಯದು. ಮನೆಯಲ್ಲಿ ಯಾರೂ ಪ್ರಯೋಗ ಮಾಡಬಾರದು ಅಂತಲೂ ಹೇಳಿ. ಸ್ವಲ್ಪ ಉರಿ ಆಗಬಹುದು. ಒಂದು ನಿಮಿಷ ಕಾಯುತ್ತಾರೆ. ಮೊಟ್ಟೆಯ ಲೋಳೆ ಬಿಸಿಗೆ ಬೆಳ್ಳಗಾಗುವಂತೆ, ಕೆಟ್ಟ ಜೀವಕೋಶ ಇರುವ ಜಾಗ ಆಮ್ಲ ತಾಗಿ ಬೆಳ್ಳಗಾಗುತ್ತದೆ. ಅಂಚಿಗೆ ಹತ್ತಿಕೊಂಡಂತೆ ದಟ್ಟವಾದ ಬಿಳಿ ಕಂಡರೆ ಪಾಸಿಟಿವ್. ಸ್ವಲ್ಪ ಹೊತ್ತಿಗೆ ಬಿಳಿ ತಾನೇ ಮಾಯವಾಗುತ್ತದೆ. ಫಲಿತಾಂಶ ಅಲ್ಲೇ, ಆಗಲೇ. ಇದರ ಮಿತಿಯೂ ಇದೆ. ಸೋಂಕಿನಿಂದ, ಹಳೆಯ ಉರಿಯೂತದಿಂದಲೂ ಬೆಳ್ಳಗಾಗಬಹುದು. ಮುಟ್ಟು ನಿಂತವರಲ್ಲಿ ನೋಡಬೇಕಾದ ಅಂಚು ಒಳಕ್ಕೆ ಸರಿದುಹೋಗಿರುತ್ತದೆ, ಆಗ ವಿಐಎ ನಂಬುವಂತಿಲ್ಲ. ಅಂಥವರು ಡಾಕ್ಟರನ್ನು ಕೇಳಿ ಬೇರೆ ಪರೀಕ್ಷೆ ಮಾಡಿಸುವುದು ಒಳ್ಳೆಯದು.

ಪ್ಯಾಪ್ ಸ್ಮಿಯರ್‌ನಲ್ಲಿ ಸಣ್ಣ ಕಡ್ಡಿ ಅಥವಾ ಬ್ರಷ್ಷಿನಿಂದ ಆ ಅಂಚನ್ನು ಸವರಿ ಜೀವಕೋಶ ತೆಗೆದು ಲ್ಯಾಬಿಗೆ ಕಳಿಸುತ್ತಾರೆ. ಮಾಂಸ ಕತ್ತರಿಸುವುದಿಲ್ಲ. ಒಂದೆರಡು ಹನಿ ರಕ್ತ ಕಂಡರೆ ಹೆದರಬೇಕಿಲ್ಲ. ರಿಪೋರ್ಟಿಗೆ ಕಾಯಬೇಕು, ಮತ್ತೆ ಹೋಗಿ ಕೇಳಿ ತರಬೇಕು. ಹಳ್ಳಿಯವರ ವಿಷಯದಲ್ಲಿ ತಪ್ಪಿಹೋಗುವುದು ಇಲ್ಲೇ. "ಮಾದರಿ ಸಾಲದು" ಅಂತ ಬಂದರೆ ಮತ್ತೆ ತೆಗೆಸಬೇಕು ಅಂತಷ್ಟೇ ಅರ್ಥ.

ಮೂರನೆಯದು ಎಚ್‌ಪಿವಿ ಪರೀಕ್ಷೆ. ವೈರಸ್ ಇದೆಯಾ ಅಂತಲೇ ನೋಡುವುದು. ವಿಶ್ವ ಆರೋಗ್ಯ ಸಂಸ್ಥೆ 2021ರಿಂದ ಇದನ್ನೇ ಮೊದಲ ಆಯ್ಕೆ ಮಾಡಿ ಅನ್ನುತ್ತಿದೆ. ನೆಗೆಟಿವ್ ಬಂದರೆ 5ರಿಂದ 10 ವರ್ಷ ಮತ್ತೆ ಬೇಡ. ನಮ್ಮ ಬೀದರ್-ಕಲಬುರಗಿ ಗಡಿಯಾಚೆಯ, ಆಗ ಉಸ್ಮಾನಾಬಾದ್ ಅನ್ನುತ್ತಿದ್ದ ಈಗಿನ ಧಾರಾಶಿವ ಜಿಲ್ಲೆಯ ಹಳ್ಳಿಗಳಲ್ಲಿ ಈ ಪರೀಕ್ಷೆಯನ್ನು ಒಂದೇ ಒಂದು ಸಲ ಮಾಡಿಸಿದ ಗುಂಪಿನಲ್ಲಿ, ಎಂಟು ವರ್ಷದಲ್ಲಿ ಗರ್ಭಕಂಠ ಕ್ಯಾನ್ಸರ್ ಸಾವು ಸುಮಾರು ಅರ್ಧಕ್ಕೆ ಇಳಿದಿತ್ತು. ಆ ವರದಿ ಬಂದದ್ದು 2009ರಲ್ಲಿ. ಇದರ ಇನ್ನೊಂದು ಅನುಕೂಲ, ಹೆಂಗಸರು ತಾವೇ ಮಾದರಿ ತೆಗೆದುಕೊಳ್ಳಬಹುದು. ಬಾತ್‌ರೂಮಿನಲ್ಲಿ ಒಂದು ಮೆತ್ತನೆ ಬ್ರಷ್ಷನ್ನು ಒಳಗೆ ಹಾಕಿ, ಕೆಲವು ಸುತ್ತು ತಿರುಗಿಸಿ, ಕೊಟ್ಟ ಟ್ಯೂಬಿಗೆ ಹಾಕಿದರೆ ಆಯಿತು. ಸ್ಪೆಕ್ಯುಲಮ್ ಬೇಡ, ಯಾರ ಮುಂದೆಯೂ ಮಲಗಬೇಕಿಲ್ಲ. ಆದರೆ ದುಡ್ಡು ಜಾಸ್ತಿ, ಎಲ್ಲಾ ಕಡೆ ಸಿಗುವುದಿಲ್ಲ.

ಎಚ್‌ಪಿವಿ ಪಾಸಿಟಿವ್ ಅಂದರೆ ಮನೆಯಲ್ಲಿ ಜಗಳ ಆಗುತ್ತದೆ. ಅದಕ್ಕೆ ಸಭೆಯಲ್ಲೇ ಹೇಳಿಬಿಡಿ: ಈ ವೈರಸ್ ಎಷ್ಟೋ ವರ್ಷ ಸುಮ್ನೆ ಇರಬಲ್ಲದು. ಈಗ ಸಿಕ್ಕಿತು ಅಂದರೆ ಈಗ ಬಂತು ಅಂತ ಅಲ್ಲ, ಯಾರಿಂದ ಬಂತು ಅಂತ ಯಾವ ಪರೀಕ್ಷೆಯೂ ಹೇಳುವುದಿಲ್ಲ.

ಯಾವ ಪರೀಕ್ಷೆಗೂ ಮುಟ್ಟಿನ ದಿನಗಳಲ್ಲಿ ಹೋಗಬಾರದು. ಹಿಂದಿನ ಎರಡು ದಿನ ಗಂಡ ಹೆಂಡತಿ ಸೇರಬಾರದು, ಒಳಗೆ ಇಡುವ ಮಾತ್ರೆ, ಮುಲಾಮು ಬಳಸಬಾರದು, ಒಳಗೆಲ್ಲ ತೊಳೆಯಬಾರದು. ಸ್ನಾನ ಮಾಡಿ ಬಂದರೆ ಸಾಕು.

ಗರ್ಭಕೋಶ ತೆಗೆಸಿದವರು ಪ್ರತಿ ಸಭೆಯಲ್ಲೂ ಇರುತ್ತಾರೆ. ಕ್ಯಾನ್ಸರ್ ಅಥವಾ ಅದರ ಮುಂಚಿನ ಹಂತ ಅಲ್ಲದ ಕಾರಣಕ್ಕೆ, ಬಾಯಿಯ ಸಮೇತ ತೆಗೆದಿದ್ದರೆ ಈ ತಪಾಸಣೆ ಬೇಕಿಲ್ಲ. ಬಾಯಿಯನ್ನು ಉಳಿಸಿದ್ದರೆ ಬೇಕು. ಅದು ಆಪರೇಷನ್ ಚೀಟಿಯಲ್ಲಿ ಇರುತ್ತದೆ, ತರಲು ಹೇಳಿ. ಸ್ತನದ ಪರೀಕ್ಷೆ ಹೇಗೂ ಬೇಕು.

"ಪಾಸಿಟಿವ್" ಅನ್ನುವ ಪದ

39 ವರ್ಷದ ಒಬ್ಬಾಕೆ ಒಂದು ಶಿಬಿರದಲ್ಲಿ ವಿಐಎ ಮಾಡಿಸಿಕೊಂಡಿದ್ದರು. ಚೀಟಿಯಲ್ಲಿ "ಪಾಸಿಟಿವ್" ಅಂತ ಬರೆದು ಕೊಟ್ಟರು, ಮುಂದೇನು ಅಂತ ಯಾರೂ ಹೇಳಲಿಲ್ಲ. ಆಕೆ ಆ ಚೀಟಿಯನ್ನು ಅಕ್ಕಿ ಡಬ್ಬಿಯ ತಳದಲ್ಲಿ ಇಟ್ಟು ನಾಲ್ಕು ತಿಂಗಳು ಯಾರಿಗೂ ಹೇಳಲಿಲ್ಲ. "ಹೆಂಗೂ ಸಾಯೋದೇ, ಮಗಳ ಪರೀಕ್ಷೆ ಮುಗೀಲಿ ಅಂತ ಇದ್ದೆ ಸಿಸ್ಟರ್" ಅಂದರು. ಅದನ್ನು ಕೇಳಿ ಅವತ್ತು ನನಗೆ ನಿದ್ದೆ ಬರಲಿಲ್ಲ.

ಆಮೇಲೆ ಆದದ್ದನ್ನು ನಾನು ಪ್ರತಿ ಸಭೆಯಲ್ಲೂ ಹೇಳುತ್ತೇನೆ. ಅವರನ್ನು ದೊಡ್ಡ ಆಸ್ಪತ್ರೆಯ ಸ್ತ್ರೀರೋಗ ವಿಭಾಗಕ್ಕೆ ಕರೆದುಕೊಂಡು ಹೋದೆ. ಅಲ್ಲಿ ಕಾಲ್ಪೊಸ್ಕೊಪಿ ಮಾಡಿದರು. ಅದೇ ಸ್ಪೆಕ್ಯುಲಮ್ ಹಾಕಿ, ಹೊರಗಿನಿಂದ ದೊಡ್ಡದು ಮಾಡಿ ತೋರಿಸುವ ದುರ್ಬೀನಿನಂಥ ಯಂತ್ರದಲ್ಲಿ ನೋಡುವುದು. ಬಿಳಿಯಾದ ಜಾಗದಿಂದ ಅಕ್ಕಿಕಾಳಿನಷ್ಟು ಚೂರು ತೆಗೆದರು, ಚಿವುಟಿದಂತಾಯಿತು ಅಂದರು. ಬಯಾಪ್ಸಿಯಲ್ಲಿ ಬಂದದ್ದು "ಸಿಐಎನ್ 2", ಅಂದರೆ ಕ್ಯಾನ್ಸರ್ ಅಲ್ಲ, ಬಿಟ್ಟರೆ ಮುಂದೆ ಆಗಬಹುದಾದ ಹಂತ. ಬಿಸಿ ಮಾಡಿದ ಪ್ರೋಬ್ ತಾಗಿಸಿ ಆ ಜಾಗವನ್ನು ಸುಟ್ಟರು. ಅದಕ್ಕೆ ಥರ್ಮಲ್ ಅಬ್ಲೇಷನ್ ಅನ್ನುತ್ತಾರೆ. ಒಂದೊಂದು ಸಲ ಅರ್ಧ ನಿಮಿಷದಷ್ಟು ತಾಗಿಸುತ್ತಾರೆ, ಮುಟ್ಟಿನ ಹೊಟ್ಟೆನೋವಿನಂತೆ ಹಿಡಿಯುತ್ತದೆ. ಆಸ್ಪತ್ರೆಯಲ್ಲಿ ಉಳಿಯಬೇಕಾಗಲಿಲ್ಲ, ಸಂಜೆ ಬಸ್ಸಿಗೆ ಊರಿಗೆ ಬಂದೆವು. ಕೆಲವು ವಾರ ನೀರಿನಂತೆ ಹೋಗುತ್ತಿತ್ತು. ಒಂದು ತಿಂಗಳು ಗಂಡನ ಜೊತೆ ಸೇರಬಾರದು ಅಂತ ಡಾಕ್ಟರು ಹೇಳಿದ್ದನ್ನು ನಾನೇ ಆತನಿಗೆ ಕೂರಿಸಿ ಹೇಳಿದೆ. ವರ್ಷದ ನಂತರ ಮತ್ತೆ ತೋರಿಸಿದಾಗ ಜಾಗ ಸ್ವಚ್ಛವಾಗಿತ್ತು.

ಎಲ್ಲರಿಗೂ ಇಷ್ಟೇ ಸಲೀಸಾಗಿ ಆಗುವುದಿಲ್ಲ. ಕೆಟ್ಟ ಜಾಗ ಒಳಕ್ಕೆ ಹಬ್ಬಿದ್ದರೆ ಮರಗಟ್ಟಿಸಿ, ತಂತಿಯ ಕುಣಿಕೆಯಿಂದ ಆ ಭಾಗವನ್ನು ಕತ್ತರಿಸಿ ತೆಗೆಯಬೇಕಾಗುತ್ತದೆ. ಕ್ಯಾನ್ಸರೇ ಅಂತ ಬಂದರೆ ಚಿಕಿತ್ಸೆ ಬೇರೆಯೇ. ಅದನ್ನೂ ಹೇಳಿ.

ಸಭೆ ಮುಗಿಯುವ ಮುಂಚೆ

ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಿಸಿ, ಬರೆಯಲು ಬಾರದವರಿಗೆ ನೀವೊಬ್ಬರೇ ಬರೆದುಕೊಡಿ. ಎಲ್ಲರೆದುರು ಕೇಳಲಾಗದ್ದು ಆಗ ಹೊರಗೆ ಬರುತ್ತದೆ.

ಆಮೇಲೆ ಒಂದು ನೋಟ್‌ಬುಕ್ ತೆಗೆಯಿರಿ. ಹೆಸರು, ವಯಸ್ಸು, ಕೊನೆಯ ಮುಟ್ಟಿನ ದಿನ ಬರೆದುಕೊಂಡು, ಅದನ್ನು ನೋಡಿ ಪ್ರತಿಯೊಬ್ಬರಿಗೂ ಹೋಗುವ ದಿನ ಗೊತ್ತುಮಾಡಿ. ಒಬ್ಬರ ಜೊತೆ ಇನ್ನೊಬ್ಬರನ್ನು ಜೋಡಿ ಮಾಡಿ, ಅತ್ತಿಗೆ-ನಾದಿನಿ, ಅಕ್ಕ-ತಂಗಿ, ಯಾರಾದರೂ ಸರಿ. ಕೊನೆಯಲ್ಲಿ ಎರಡು ಖಾಲಿ ಕಾಲಂ ಬಿಡಿ: "ರಿಪೋರ್ಟ್ ಕೈಗೆ ಬಂತಾ?", "ಮುಂದೆ ಎಲ್ಲಿಗೆ ಹೋಗಬೇಕು?" ಈ ಪುಸ್ತಕ ನಿಮ್ಮ ಹತ್ತಿರವೇ ಇರಲಿ, ಬೇರೆಯವರ ಕೈಗೆ ಹೋಗಬಾರದು. ತಿಂಗಳ ಸಂಘದ ಸಭೆಗೆ ಹೋದಾಗ ಖಾಲಿ ಇರುವ ಸಾಲಿನವರನ್ನು ಒಬ್ಬೊಬ್ಬರನ್ನಾಗಿ ಪಕ್ಕಕ್ಕೆ ಕರೆದು ಕೇಳಿ. ಎರಡೂ ಕಾಲಂ ತುಂಬುವವರೆಗೆ ಆ ಹೆಸರನ್ನು ಹೊಡೆದುಹಾಕಬೇಡಿ.